72 ಪುಟದ ಕಾಫಿ ಸಮೀಕ್ಷೆಯನ್ನು ಮಾವನ ಅಂಗಡಿಗಾಗಿ ಒಂದು ಪುಟಕ್ಕೆ ಇಳಿಸಬೇಕಾಗಿದೆ

ಡೊಂಬಿವಲಿ ಸೋದರಳಿಯ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನಿಗೆ ಡೊಂಬಿವಲಿ ಪೂರ್ವದಲ್ಲಿ ಒಂದು ಚಿಕ್ಕ ಅಂಗಡಿ ಇದೆ. ಕುಚ್ಚಲಕ್ಕಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲ ಇದ್ದರೂ ಅಂಗಡಿ ನಡೆಯುವುದು ಕಾಫಿಪುಡಿಯಿಂದ. ಹುರಿದ ಬೀಜ ತರಿಸಿ, ಗಿರಾಕಿಯ ಕಣ್ಣೆದುರಿಗೇ ಪುಡಿ ಮಾಡಿ, ಕೇಳಿದಷ್ಟು ಚಿಕೋರಿ ಬೆರೆಸಿ, ಕಾಲು ಕಿಲೋ ಅರ್ಧ ಕಿಲೋ ಕಟ್ಟಿಕೊಡುತ್ತಾರೆ. ಪುಡಿ ಮಾಡುವ ಯಂತ್ರ ಹಳೆಯದಾಗಿದ್ದು, ಹೊಸದನ್ನು ಕೊಳ್ಳಬೇಕೋ ಬೇಡವೋ ಎಂಬ ಯೋಚನೆಯಲ್ಲಿ ಅವರಿದ್ದಾಗಲೇ ಒಂದು ಕಾಫಿ ಕಂಪನಿಯ ಪ್ರತಿನಿಧಿ ಬಂದು 72 ಪುಟದ ಮಾರುಕಟ್ಟೆ ಸಮೀಕ್ಷೆಯ ವರದಿಯನ್ನು ಕೈಗಿತ್ತು ಹೋಗಿದ್ದಾನೆ. ಅವರ ಕಂಪನಿಯ ದುಬಾರಿ ಪ್ಯಾಕೆಟ್ಟುಗಳನ್ನು, ಅಂದರೆ ಒಂದೇ ತೋಟದ ಬೀಜದ ಪುಡಿ, ಕಾಲು ಕಿಲೋಗೆ 450 ರೂಪಾಯಿಯದು, ಆರು ಕಾರ್ಟನ್ ತೆಗೆದುಕೊಂಡರೆ ಒಂದು ಉಚಿತವಂತೆ. ಉಳಿದ ಮಾಲು ವಾಪಸಿಲ್ಲ.

ಮಾವನಿಗೆ ಇಂಗ್ಲಿಷ್ ಬಿಲ್ಲು, ರಸೀದಿಗಳ ಮಟ್ಟಿಗೆ ಮಾತ್ರ. ಹಾಗಾಗಿ ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡೆಂದು ನನಗೆ ಹೇಳಿದ್ದಾರೆ. ವರದಿಯ ಮೊದಲ ಪುಟಗಳನ್ನು ನೋಡಿ ನಾನು ಬರೆದಿರುವುದು ಇಷ್ಟು:

«ಮುಂಬಯಿ ಮತ್ತು ಪುಣೆಯ ಕಾಫಿ ಗ್ರಾಹಕರಲ್ಲಿ ನಾಲ್ಕು ಗುಂಪುಗಳಿವೆ. ಅನುಕೂಲ ಬಯಸುವವರು ಶೇ. 38, ಉತ್ತಮ ಗುಣಮಟ್ಟ ಹುಡುಕುವವರು ಶೇ. 27, ಬೆಲೆ ನೋಡುವವರು ಶೇ. 18, ಸಂಪ್ರದಾಯಸ್ಥರು ಶೇ. 17. ಥಾಣೆ ಭಾಗದಲ್ಲಿ ಗುಣಮಟ್ಟ ಹುಡುಕುವವರು ಇನ್ನೂ ಹೆಚ್ಚು, ಶೇ. 34. ಅವರಲ್ಲಿ ಶೇ. 73 ಜನ ಹೊಸ ಪ್ಯಾಕೆಟ್ಟನ್ನು ಕೊಳ್ಳಲು ಸಿದ್ಧರಿದ್ದಾರೆ. ಒಟ್ಟು 1,000 ಜನರನ್ನು ಕೇಳಲಾಗಿದೆ.»

ಇದನ್ನು ಓದಿದ ಮಾವ, «ಫಿಲ್ಟರ್ ಕಾಫಿಯವರು ಬರೇ ಹದಿನೇಳೇ? ಹಾಗಾದರೆ ಯಂತ್ರ ಯಾಕೆ ಮಾರಾಯ?» ಎಂದು ಕೇಳಿ ಸುಮ್ಮನಾದರು. ಅವರು ಸುಮ್ಮನಾದ ರೀತಿ ನೋಡಿ ನನಗೆ ಅನುಮಾನ ಬಂದಿದೆ. ನಾನು ಏನನ್ನಾದರೂ ಬಿಟ್ಟಿದ್ದೇನೆಯೇ?

ಮಾಟುಂಗಾ ಹಳಬ

2011ರ ಜನಗಣತಿಯ ಪ್ರಕಾರವೇ ಬೃಹನ್ಮುಂಬಯಿ ಒಂದರಲ್ಲಿ 1.24 ಕೋಟಿ ಜನರಿದ್ದಾರೆ. ಅದಕ್ಕೆ ಥಾಣೆ, ನವಿ ಮುಂಬಯಿ, ಪುಣೆ ಸೇರಿಸಿಕೊಳ್ಳಿ. ಅಷ್ಟು ಜನರಲ್ಲಿ ಸಾವಿರ ಮಂದಿಯನ್ನು ಕೇಳಿ ಊರಿನ ರುಚಿ ಹೇಳುತ್ತೇವೆ ಎನ್ನುವವರ ಮಾತನ್ನು ಏಕೆ ಕೇಳಬೇಕು? ಮಾಟುಂಗಾದ ಒಂದು ಗಲ್ಲಿಯಲ್ಲೇ ಬೆಳಗಿನ ಹೊತ್ತು ಸಾವಿರ ಜನ ಕಾಫಿ ಕುಡಿದು ಹೋಗುತ್ತಾರೆ. ವರದಿಯನ್ನು ರದ್ದಿಗೆ ಹಾಕಿ, ಮಾವನಿಗೆ ಯಂತ್ರ ಕೊಳ್ಳಲು ಹೇಳಿ.

ಸಂಖ್ಯಾಪ್ರಿಯ

ಹಳಬರೇ, ಈ ವಾದ ಸರಿಯಲ್ಲ. ಸಾವಿರ ಜನರ ಸಮೀಕ್ಷೆಯಲ್ಲಿ ತಪ್ಪಿನ ಅಂತರ ಸುಮಾರು ಶೇ. 3 ಮಾತ್ರ. ಒಂದನ್ನು ಸಾವಿರದ ವರ್ಗಮೂಲದಿಂದ ಭಾಗಿಸಿ ನೋಡಿ, 0.03ರ ಆಸುಪಾಸು ಬರುತ್ತದೆ. ಊರಿನಲ್ಲಿ ಒಂದು ಕೋಟಿ ಜನರಿರಲಿ, ಹತ್ತು ಕೋಟಿ ಇರಲಿ, ಆ ಅಂತರ ಬದಲಾಗುವುದಿಲ್ಲ. ಆದ್ದರಿಂದ ಸಂಪ್ರದಾಯಸ್ಥರು ಶೇ. 17 ಎಂದರೆ 14ರಿಂದ 20ರ ನಡುವೆ ಎಂದು ಧೈರ್ಯವಾಗಿ ತಿಳಿಯಬಹುದು. ಅದೇ ರೀತಿ 73 ಎಂದರೆ 70ರಿಂದ 76. ಸೋದರಳಿಯರು ಬರೆದುದರ ಕೊನೆಗೆ «ಶೇ. 3ರಷ್ಟು ಹೆಚ್ಚು-ಕಡಿಮೆ ಆಗಬಹುದು» ಎಂದು ಸೇರಿಸಿದರೆ ಸಾರಾಂಶ ಪೂರ್ಣವಾಗುತ್ತದೆ.

ಕೊಥ್ರೂಡ್ ಕನ್ನಡತಿ

ನಾನು ಪುಣೆಯಲ್ಲಿ ಸಮೀಕ್ಷಾ ಸಂಸ್ಥೆಗಳ ಪರವಾಗಿ ಹಲವು ವರ್ಷ ಕ್ಷೇತ್ರಕಾರ್ಯ ನೋಡಿಕೊಂಡವಳು. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ.

ಸಂಖ್ಯೆ ಚಿಕ್ಕದಾಯಿತೆಂಬ ಹಳಬರ ಆಕ್ಷೇಪ ನಿಲ್ಲುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಪಾತ್ರೆ ಮನೆಯದ್ದಾದರೂ ಸರಿ, ಮದುವೆಮನೆಯ ಹಂಡೆಯಾದರೂ ಸರಿ. ಆದರೆ ಹಂಡೆಯ ತಳದಲ್ಲಿ ಬೆಂದು ಮೇಲೆ ಹಸಿಯಾಗಿದ್ದರೆ ಅಗುಳನ್ನು ಎಲ್ಲಿಂದ ತೆಗೆದಿರಿ ಎಂಬುದು ಮುಖ್ಯವಾಗುತ್ತದೆ. ಸಂಖ್ಯಾಪ್ರಿಯರು ಹೇಳುವ ಶೇ. 3 ಸರಿಯಾಗುವುದು ಎಲ್ಲರಿಗೂ ಆಯ್ಕೆಯಾಗುವ ಅವಕಾಶ ಇದ್ದು, ಅವರಲ್ಲಿ ಚೀಟಿ ಎತ್ತಿದಂತೆ ಜನರನ್ನು ಆರಿಸಿದಾಗ. ಜೊತೆಗೆ ಅದು ಇಡೀ ಸಾವಿರ ಜನರ ಉತ್ತರಕ್ಕೆ ಮಾತ್ರ ಅನ್ವಯಿಸುತ್ತದೆ. ಆ 73 ಎಂಬುದು ಸಾವಿರ ಜನರ ಮೇಲಿನ ಶೇಕಡಾವಾರು ಅಲ್ಲವೇ ಅಲ್ಲ.

ಸೋದರಳಿಯರೇ, ಮೊದಲ ಪುಟಗಳನ್ನು ಬಿಡಿ. ಮೂರು ಕಡೆ ನೋಡಿ ಇಲ್ಲಿ ಬರೆಯಿರಿ. ಒಂದು, ಸಮೀಕ್ಷೆಯ ವಿಧಾನವನ್ನು ಹೇಳುವ ಪುಟ. ಅದು ಸಾಮಾನ್ಯವಾಗಿ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಎರಡು, ಪ್ರತಿ ಕೋಷ್ಟಕದ ಕೆಳಗೆ «ಬೇಸ್» ಎಂದು ಬರೆದಿರುವ ಸಂಖ್ಯೆ, ಅಂದರೆ ಆ ಪ್ರಶ್ನೆಗೆ ನಿಜವಾಗಿ ಉತ್ತರಿಸಿದವರು ಎಷ್ಟು ಮಂದಿ ಎಂಬುದು. ಮೂರು, ಅನುಬಂಧದಲ್ಲಿ ಪ್ರಶ್ನಾವಳಿ ಇದ್ದರೆ ಅದರ ಮೊದಲ ನಾಲ್ಕೈದು ಪ್ರಶ್ನೆಗಳು. ಯಾರನ್ನು ಒಳಗೆ ಬಿಟ್ಟರು, ಯಾರನ್ನು ಬಾಗಿಲಲ್ಲೇ ಧನ್ಯವಾದ ಹೇಳಿ ಕಳಿಸಿದರು ಎಂಬುದು ಅಲ್ಲಿ ಗೊತ್ತಾಗುತ್ತದೆ.

ವಾಸ್ಕೊ ಅಂಗಡಿಯವ

ನಾನು ಗೋವೆಯ ವಾಸ್ಕೊದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೂಲ ಕಾರವಾರದ ಕಡೆ. ದುಬಾರಿ ಕಾಫಿ ಇಡಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಸೇಲ್ಸ್‌ಮನ್ ಹೀಗೆಯೇ ಬಣ್ಣದ ಚಿತ್ರಗಳ ಪುಸ್ತಕ ತೋರಿಸಿ, ಈಗ ಜನರೆಲ್ಲ ಆರೋಗ್ಯದ ಹಿಂದೆ ಬಿದ್ದಿದ್ದಾರೆ ಎಂದು ಹೇಳಿ ರಾಗಿ ಬಿಸ್ಕತ್ತಿನ ಹನ್ನೆರಡು ಕಾರ್ಟನ್ ಇಳಿಸಿ ಹೋದ. ಮೂರು ಕಾರ್ಟನ್ ಹೋಯಿತು. ಉಳಿದದ್ದು ಎಕ್ಸ್‌ಪೈರಿ ಹತ್ತಿರ ಬಂದಾಗ ಅರ್ಧ ಬೆಲೆಗೆ ಕೊಟ್ಟೆ, ಕೊನೆಗೆ ಮಕ್ಕಳು ತಿಂದವು. ಹೊಸ ಮಾಲು ತರುವಾಗ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಮಾತ್ರ ಕೇಳಿ, ಸಮೀಕ್ಷೆ ಗಿಮೀಕ್ಷೆ ಏನೂ ಬೇಡ.

ಡೊಂಬಿವಲಿ ಸೋದರಳಿಯ

ವಾಸ್ಕೊದವರೇ, ಇಡಬೇಕೋ ಬೇಡವೋ ಎಂಬುದನ್ನು ಮಾವನೇ ತೀರ್ಮಾನಿಸುತ್ತಾರೆ. ವರದಿಯಲ್ಲಿರುವುದನ್ನು ಅವರಿಗೆ ಸುಳ್ಳಾಗದಂತೆ ಹೇಳುವುದು ಹೇಗೆಂಬುದಷ್ಟೇ ನನ್ನ ಪ್ರಶ್ನೆ. ಆದರೂ ವಾಪಸಿನ ವಿಷಯವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದೇನೆ.

ಕನ್ನಡತಿಯವರೇ, ನೀವು ಹೇಳಿದ ಮೂರೂ ಕಡೆ ನೋಡಿದೆ. ವಿಧಾನದ ವಿವರ 69ನೆಯ ಪುಟದಲ್ಲಿದೆ. ಮೊಬೈಲಿನಲ್ಲಿ ಪ್ರಶ್ನೆಗಳನ್ನು ತುಂಬಿದರೆ ಪಾಯಿಂಟ್ಸ್ ಕೊಡುವ ಒಂದು ಆನ್‌ಲೈನ್ ಪ್ಯಾನೆಲ್‌ನ ಸದಸ್ಯರನ್ನು ಕೇಳಿದ್ದಾರೆ. ವಯಸ್ಸು 22ರಿಂದ 45. ಮುಂಬಯಿ 400, ಥಾಣೆಯಿಂದ ಕಲ್ಯಾಣ-ಡೊಂಬಿವಲಿಯವರೆಗೆ 150, ನವಿ ಮುಂಬಯಿ 150, ಪುಣೆ 300. ಡೊಂಬಿವಲಿಯ ಲೆಕ್ಕ ಪ್ರತ್ಯೇಕವಾಗಿ ಎಲ್ಲೂ ಇಲ್ಲ. ಪ್ರಶ್ನೆಗಳನ್ನು ಕೇಳಿದ್ದು ದೀಪಾವಳಿಗೆ ಮೊದಲಿನ ಎರಡು ವಾರ.

ಥಾಣೆ ಭಾಗದ 150 ಜನರಲ್ಲಿ ಗುಣಮಟ್ಟ ಹುಡುಕುವವರು 51 ಮಂದಿ. ಹೊಸ ಪ್ಯಾಕೆಟ್ ಕೊಳ್ಳುತ್ತೀರಾ ಎಂಬ ಪ್ರಶ್ನೆಯ ಕೋಷ್ಟಕದ ಕೆಳಗೆ ಬೇಸ್ 51 ಎಂದೇ ಇದೆ. ಅದರಲ್ಲಿ «ಖಂಡಿತ ಕೊಳ್ಳುತ್ತೇನೆ» ಎಂದವರು 10, «ಬಹುಶಃ ಕೊಳ್ಳುತ್ತೇನೆ» ಎಂದವರು 27. ಎರಡನ್ನೂ ಕೂಡಿಸಿ 37 ಮಾಡಿ ಶೇ. 73 ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಇನ್ನು ಅನುಬಂಧದ ಪ್ರಶ್ನಾವಳಿ. ಮೂರನೆಯ ಪ್ರಶ್ನೆ ಹೀಗಿದೆ: «ಕಳೆದ ಮೂರು ತಿಂಗಳಲ್ಲಿ ಕೆಳಗಿನ ಬ್ರ್ಯಾಂಡ್‌ಗಳಲ್ಲಿ ಯಾವುದಾದರೂ ಪ್ಯಾಕ್ ಮಾಡಿದ ಕಾಫಿಯನ್ನು ಮನೆಗಾಗಿ ಕೊಂಡಿದ್ದೀರಾ?» ಇಲ್ಲ ಎಂದವರಿಗೆ ಅಲ್ಲಿಗೇ ಮುಗಿಸಲಾಗಿದೆ.

ಇದನ್ನು ಬೆರಳಚ್ಚಿಸುವಾಗಲೇ ನನಗೆ ಹೊಳೆಯಿತು. ಮಾವನ ಹತ್ತಿರ ಪುಡಿ ಮಾಡಿಸಿಕೊಳ್ಳುವವರಿಗೆ ಬ್ರ್ಯಾಂಡ್ ಎಂಬುದೇ ಇಲ್ಲ. ಕಂದು ಕಾಗದದ ಪೊಟ್ಟಣ, ಮೇಲೆ ಪೆನ್ಸಿಲಿನಲ್ಲಿ ಬರೆದ 80-20.

ಕೊಥ್ರೂಡ್ ಕನ್ನಡತಿ

ನೀವು ಹುಡುಕುತ್ತಿದ್ದುದು ಅದೇ. ನಿಮ್ಮ ಮಾವನ ಮುಖ್ಯ ಗಿರಾಕಿಗಳು ಈ ಸಮೀಕ್ಷೆಯ ಬಾಗಿಲಿನಿಂದಲೇ ಹೊರಗೆ ಹೋಗಿದ್ದಾರೆ. ಆದ್ದರಿಂದ ಆ ಶೇ. 17 ಎಂಬುದು «ಫಿಲ್ಟರ್ ಕಾಫಿ ಕುಡಿಯುವವರ ಪ್ರಮಾಣ» ಅಲ್ಲ. ಅದು ಬ್ರ್ಯಾಂಡಿನ ಪ್ಯಾಕೆಟ್ ಕೊಳ್ಳುವ, 45 ದಾಟದ, ಮೊಬೈಲಿನಲ್ಲಿ ಪ್ರಶ್ನೆ ತುಂಬುವ ಅಭ್ಯಾಸವಿರುವ ಜನರೊಳಗೆ ಹಳೆಯ ರುಚಿಗೆ ಅಂಟಿಕೊಂಡವರ ಪ್ರಮಾಣ. ಅಂಥ ಜನರ ನಡುವೆಯೂ ಅಷ್ಟು ಮಂದಿ ಇದ್ದಾರೆ ಎಂದು ಬೇಕಾದರೆ ಓದಿಕೊಳ್ಳಬಹುದು. ನಿವೃತ್ತರಾದ ಅಜ್ಜ-ಅಜ್ಜಿಯರು, ಬಿಡಿ ಪುಡಿಯನ್ನು ಬಿಟ್ಟು ಬೇರೆ ಮುಟ್ಟದವರು, ಇವರ ವಿಷಯದಲ್ಲಿ ವರದಿ ಮೌನವಾಗಿದೆ. ಮೌನವನ್ನು ಸೊನ್ನೆ ಎಂದು ಓದಿದ್ದರಿಂದ ನಿಮ್ಮ ಮೊದಲ ಸಾರಾಂಶ ಕೆಟ್ಟಿತು.

ಇದರಲ್ಲಿ ಸಂಸ್ಥೆಯವರ ಮೋಸವೇನೂ ಇರಬೇಕಾಗಿಲ್ಲ. ಕಂಪನಿ ಮಾರುವುದು ಪ್ಯಾಕೆಟ್ಟನ್ನು, ಹಾಗಾಗಿ ಪ್ಯಾಕೆಟ್ ಕೊಳ್ಳುವವರ ಮನಸ್ಸು ಅದಕ್ಕೆ ಬೇಕಿತ್ತು. ಆ ಕೆಲಸಕ್ಕೆ ಈ ಆಯ್ಕೆ ಸರಿಯೇ. ತಪ್ಪಾಗಿದ್ದು ಆ ಉತ್ತರವನ್ನು ತಂದು ಬೇರೊಂದು ಪ್ರಶ್ನೆಯ ಮುಂದೆ ಇಟ್ಟಾಗ, ಅಂದರೆ ಡೊಂಬಿವಲಿಯ ಒಂದು ಅಂಗಡಿಯಲ್ಲಿ ಯಂತ್ರ ಇರಬೇಕೇ ಎಂಬ ಪ್ರಶ್ನೆಯ ಮುಂದೆ. ನಾವು ಮನೆಮನೆಗೆ ಕಾಗದದ ಪ್ರಶ್ನಾವಳಿ ಹಿಡಿದು ಹೋಗುತ್ತಿದ್ದ ಕಾಲದಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿತ್ತು. ದೊಡ್ಡ ಸೊಸೈಟಿಗಳ ಕಾವಲುಗಾರರು ಒಳಗೆ ಬಿಡುತ್ತಿರಲಿಲ್ಲ, ಹಗಲು ಹೊತ್ತು ಕೆಲಸಕ್ಕೆ ಹೋಗುವವರು ಸಿಗುತ್ತಿರಲಿಲ್ಲ, ಕೊನೆಗೆ ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಮನೆಯಲ್ಲಿರುವವರೇ ಹೆಚ್ಚಾಗುತ್ತಿದ್ದರು. ಸಮೀಕ್ಷೆಯಲ್ಲಿ ಯಾರೋ ಒಬ್ಬರು ಬಿಟ್ಟುಹೋಗುವುದು ಸಾಮಾನ್ಯ. ಈ ಬಾರಿ ಬಿಟ್ಟುಹೋದವರು ನಿಮ್ಮ ಗಿರಾಕಿಯೇ ಎಂದು ನೋಡಿಕೊಳ್ಳಬೇಕು.

ಇನ್ನು 73ರ ಮಾತು. ಚೀಟಿ ಎತ್ತಿ ಆರಿಸಿದ್ದಾರೆ ಎಂದು ಉದಾರವಾಗಿ ಒಪ್ಪಿಕೊಂಡರೂ 51 ಜನರ ಮೇಲೆ ಬಂದ 73ಕ್ಕೆ ಎರಡೂ ಕಡೆ ಸುಮಾರು 12 ಅಂಶಗಳ ಅಂತರ ಇರುತ್ತದೆ. 61 ಇರಬಹುದು, 85ಕ್ಕೂ ಹತ್ತಿರ ಇರಬಹುದು. ಪ್ಯಾನೆಲ್ ಸದಸ್ಯರು ಚೀಟಿ ಎತ್ತಿ ಬಂದವರಲ್ಲ, ತಾವಾಗಿ ಸೇರಿಕೊಂಡವರು. ಅದರಿಂದ ಎಷ್ಟು ವಾಲಿದೆ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ.

ಸಂಖ್ಯಾಪ್ರಿಯ

ಒಪ್ಪಿದೆ. ನಾನು ಕೋಷ್ಟಕದ ಬೇಸ್ ನೋಡದೆ ಮಾತನಾಡಿದೆ. ಆದರೆ ಒಂದು ಪ್ರತಿವಾದ. ಥಾಣೆ ಭಾಗದಲ್ಲಿ 34, ಒಟ್ಟಾರೆ 27 ಎಂಬ ವ್ಯತ್ಯಾಸವನ್ನಾದರೂ ಹೇಳಬಹುದಲ್ಲ? 150 ಜನ ಅಷ್ಟೇನೂ ಕಡಿಮೆಯಲ್ಲ.

ಕೊಥ್ರೂಡ್ ಕನ್ನಡತಿ

ಹೇಳಬಹುದು, ಆದರೆ ತಗ್ಗಿದ ದನಿಯಲ್ಲಿ. 150 ಜನರ ಮೇಲಿನ 34ಕ್ಕೆ ಎರಡೂ ಕಡೆ ಏಳೂವರೆಯಷ್ಟು ಅಂತರ ಇಟ್ಟುಕೊಳ್ಳಬೇಕು. ಕೆಳಗಿನ ಅಂಚು ಒಟ್ಟಾರೆ ಸಂಖ್ಯೆಗೆ ಮುಟ್ಟುತ್ತದೆ. «ಥಾಣೆ ಕಡೆ ಸ್ವಲ್ಪ ಹೆಚ್ಚಿರಬಹುದು, ಖಚಿತವಿಲ್ಲ» ಎಂಬಲ್ಲಿಗೆ ನಿಲ್ಲಿಸಬೇಕು. ವರದಿ ಬರೆದವರು ಇಂಥ ವ್ಯತ್ಯಾಸಕ್ಕೆ ಒಂದು ಬಾಣದ ಗುರುತು ಹಾಕಿ ಬಣ್ಣ ತುಂಬುತ್ತಾರೆ, ಕಣ್ಣು ಅಲ್ಲಿಗೇ ಹೋಗುತ್ತದೆ.

ಸೋದರಳಿಯರೇ, ಮತ್ತೊಂದು ವಿಷಯ ನೋಡಿ. ಕೊಳ್ಳುತ್ತೀರಾ ಎಂದು ಕೇಳುವ ಮೊದಲು 450 ರೂಪಾಯಿ ಎಂದು ತೋರಿಸಿದ್ದರೇ?

ಡೊಂಬಿವಲಿ ಸೋದರಳಿಯ

ಇಲ್ಲ! ಪ್ಯಾಕೆಟ್ಟಿನ ಚಿತ್ರ, ತೋಟದ ಚಿತ್ರ, ನಾಲ್ಕು ಸಾಲಿನ ವರ್ಣನೆ, ಕೂಡಲೇ ಪ್ರಶ್ನೆ. ಬೆಲೆಯ ಮಾತು ಪ್ರಶ್ನಾವಳಿಯಲ್ಲೇ ಇಲ್ಲ.

ವಾಸ್ಕೊ ಅಂಗಡಿಯವ

ಹಾಗಾದರೆ ನಮ್ಮ ಓಣಿಯ ಮಂದಿಯೆಲ್ಲ ಖಂಡಿತ ಕೊಳ್ಳುವವರೇ. ಬೆಲೆ ಹೇಳದೆ ಕೇಳಿದರೆ ನಾನೂ ದಿನಾ ಗೋಡಂಬಿ ಕೊಳ್ಳುತ್ತೇನೆ.

ಕೊಥ್ರೂಡ್ ಕನ್ನಡತಿ

ವಾಸ್ಕೊದವರು ಸರಿಯಾಗಿ ಹಿಡಿದರು. ಬೆಲೆ ತೋರಿಸಿ ಕೇಳಿದಾಗಲೂ ಜನ ಹೇಳುವುದಕ್ಕಿಂತ ಕೊಳ್ಳುವುದು ಕಡಿಮೆಯೇ. «ಬಹುಶಃ» ಎನ್ನುವವರಲ್ಲಿ ಬಹಳ ಮಂದಿ ಪ್ರಶ್ನೆ ಕೇಳಿದವರ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳುತ್ತಾರೆ. ಆದ್ದರಿಂದ ಈ ಕ್ಷೇತ್ರದಲ್ಲಿ ಪಳಗಿದವರು «ಖಂಡಿತ» ಎಂದ ಹತ್ತು ಜನರನ್ನೇ ಹೆಚ್ಚು ನಂಬುತ್ತಾರೆ, ಅದರಲ್ಲೂ ಒಂದಷ್ಟು ಕಳೆದು. ಇಲ್ಲಿ ಬೆಲೆಯೇ ಇಲ್ಲವಾದ್ದರಿಂದ ಆ ಸಂಖ್ಯೆ «ಇದು ಇಷ್ಟವಾಯಿತೇ» ಎಂಬುದಕ್ಕೆ ಉತ್ತರವೇ ಹೊರತು «ಕೊಳ್ಳುತ್ತೀರಾ» ಎಂಬುದಕ್ಕಲ್ಲ.

ಮಾಟುಂಗಾ ಹಳಬ

ಸಂಖ್ಯೆಯ ವಿಷಯದಲ್ಲಿ ನಾನು ಸೋತೆ. ಆದರೆ ರದ್ದಿಗೆ ಹಾಕಿ ಎಂದದ್ದು ಕೊನೆಗೂ ನಿಜವಾಯಿತಲ್ಲ.

ಒಂದು ಪ್ರಶ್ನೆ ಉಳಿದಿದೆ. ಈ ನಾಲ್ಕು ಗುಂಪುಗಳು ಎಲ್ಲಿಂದ ಬಂದವು? ನಾನೇ ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುತ್ತೇನೆ, ಮಧ್ಯಾಹ್ನ ಆಫೀಸಿನಲ್ಲಿ ಇನ್‌ಸ್ಟಂಟ್ ಕುಡಿಯುತ್ತೇನೆ, ಮೊಮ್ಮಗಳು ಬಂದರೆ ಅವಳು ತಂದ ದುಬಾರಿ ಪುಡಿಯನ್ನೂ ಕುಡಿಯುತ್ತೇನೆ. ನನ್ನನ್ನು ಎಲ್ಲಿ ಕೂರಿಸುತ್ತಾರೆ?

ಕೊಥ್ರೂಡ್ ಕನ್ನಡತಿ

ಒಂದೇ ಕಡೆ ಕೂರಿಸುತ್ತಾರೆ, ಅದೇ ತೊಡಕು. ಸಾಮಾನ್ಯವಾಗಿ ಇಪ್ಪತ್ತು-ಮೂವತ್ತು ಹೇಳಿಕೆಗಳನ್ನು ಕೊಟ್ಟು ಒಪ್ಪುತ್ತೀರಾ ಎಂದು ಕೇಳುತ್ತಾರೆ, «ಹೊಸ ರುಚಿಗಳನ್ನು ನೋಡುವುದು ನನಗೆ ಇಷ್ಟ», «ಬೆಳಿಗ್ಗೆ ನನಗೆ ಸಮಯ ಇರುವುದಿಲ್ಲ» ಎಂಬಂಥವು. ಉತ್ತರಗಳು ಯಾರದ್ದು ಯಾರಿಗೆ ಹತ್ತಿರ ಎಂದು ಕಂಪ್ಯೂಟರ್ ಗುಂಪು ಮಾಡುತ್ತದೆ. ಎಷ್ಟು ಗುಂಪು ಬೇಕೆಂದು ಆರಿಸುವವರು ಮನುಷ್ಯರೇ. ಮೂರು ಮಾಡಿದರೆ ಮೂರು, ಆರು ಮಾಡಿದರೆ ಆರು. ಹೆಸರನ್ನು ಎಲ್ಲ ಮುಗಿದ ಮೇಲೆ ಇಡುತ್ತಾರೆ. ಅಂಚಿನಲ್ಲಿ ಇರುವವರು ಒಂದು ಉತ್ತರ ಬದಲಾಯಿಸಿದ್ದರೆ ಪಕ್ಕದ ಗುಂಪಿಗೆ ಹೋಗುತ್ತಿದ್ದರು.

ಅಂದ ಮಾತ್ರಕ್ಕೆ ಗುಂಪುಗಳು ಸುಳ್ಳಲ್ಲ, ಹೆಸರು ದಾರಿ ತಪ್ಪಿಸುತ್ತದೆ, ಅಷ್ಟೇ. «ಗುಣಮಟ್ಟ ಹುಡುಕುವವರು» ಎಂದರೆ ಅಂಗಡಿಯವನಿಗೆ ಜೇಬು ದಪ್ಪ ಇರುವವರು ಎಂದು ಕೇಳಿಸುತ್ತದೆ. ಅವರು ನಿಜವಾಗಿ ಏನು ಕೊಳ್ಳುತ್ತಾರೆ ಎಂಬ ಕೋಷ್ಟಕ ವರದಿಯಲ್ಲಿ ಇರಲೇಬೇಕು.

ಡೊಂಬಿವಲಿ ಸೋದರಳಿಯ

41ನೆಯ ಪುಟದಲ್ಲಿದೆ. ಆ ಗುಂಪಿನವರಲ್ಲಿ ಹೆಚ್ಚಿನವರು ಕಳೆದ ತಿಂಗಳು ಕೊಂಡದ್ದು ಇನ್‌ಸ್ಟಂಟ್ ಬಾಟಲಿ. ಇದನ್ನು ನಾನು ಮೊದಲ ಸಲ ದಾಟಿಸಿಬಿಟ್ಟಿದ್ದೆ.

ಎಲ್ಲರ ಮಾತನ್ನೂ ಇಟ್ಟುಕೊಂಡು ಹೊಸದಾಗಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

«ಮಾವ, ಈ ಸಮೀಕ್ಷೆ ಮಾಡಿಸಿದ್ದು ಪ್ಯಾಕೆಟ್ ಮಾರುವ ಕಂಪನಿಯೇ. ಮೊಬೈಲಿನಲ್ಲಿ 1,000 ಜನ ಉತ್ತರಿಸಿದ್ದಾರೆ, ಎಲ್ಲರೂ 22ರಿಂದ 45 ವಯಸ್ಸಿನವರು, ಕಳೆದ ಮೂರು ತಿಂಗಳಲ್ಲಿ ಬ್ರ್ಯಾಂಡಿನ ಪ್ಯಾಕೆಟ್ ಕಾಫಿ ಕೊಂಡವರು. ನಿಮ್ಮಲ್ಲಿ ಪುಡಿ ಮಾಡಿಸುವವರನ್ನು ಇದರಲ್ಲಿ ಕೇಳಿಲ್ಲ. ಆದ್ದರಿಂದ ಪುಡಿಯ ವ್ಯಾಪಾರ ಏರುತ್ತದೋ ಇಳಿಯುತ್ತದೋ ಎಂಬುದನ್ನು ಈ ವರದಿಯಿಂದ ತಿಳಿಯಲು ಆಗುವುದಿಲ್ಲ.

ಕೇಳಿದವರಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮಂದಿ ಬೇಗ ಆಗುವ ಕಾಫಿ ಬಯಸುವವರು. ಹತ್ತರಲ್ಲಿ ಮೂರಕ್ಕೆ ಸ್ವಲ್ಪ ಕಡಿಮೆ ಮಂದಿ ಹೊಸ ರುಚಿ ನೋಡಲು ಇಷ್ಟ ಎನ್ನುವವರು, ಆದರೆ ಅವರಲ್ಲಿ ಹೆಚ್ಚಿನವರು ಈಗ ಕೊಳ್ಳುತ್ತಿರುವುದು ಇನ್‌ಸ್ಟಂಟ್. ಉಳಿದವರು ಬೆಲೆ ನೋಡುವವರು ಮತ್ತು ಹಳೆಯ ರುಚಿ ಬಿಡದವರು, ಹೆಚ್ಚುಕಡಿಮೆ ಸಮ.

ನಮ್ಮ ಕಡೆಯವರು, ಅಂದರೆ ಥಾಣೆಯಿಂದ ಕಲ್ಯಾಣದವರೆಗಿನವರು, ಒಟ್ಟು 150 ಮಂದಿ. ಅವರಲ್ಲಿ ಹೊಸ ರುಚಿ ಬಯಸುವ 51 ಮಂದಿಗೆ ಈ ಪ್ಯಾಕೆಟ್ಟಿನ ಚಿತ್ರ ತೋರಿಸಿ, ಬೆಲೆ ಹೇಳದೆ, ಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ಖಂಡಿತ ಎಂದವರು 10, ಬಹುಶಃ ಎಂದವರು 27. ಪ್ರತಿನಿಧಿ ಹೇಳಿದ ಶೇ. 73 ಎಂದರೆ ಈ 37 ಜನ. 450 ರೂಪಾಯಿ ಎಂದು ಗೊತ್ತಾದ ಮೇಲೆ ಎಷ್ಟು ಮಂದಿ ಕೊಳ್ಳುತ್ತಾರೆ ಎಂಬುದನ್ನು ಯಾರೂ ಕೇಳಿಲ್ಲ. ಕೇಳಿದ ಕಾಲ ದೀಪಾವಳಿಯ ಮುಂಚಿನದು.»

ಕೊಥ್ರೂಡ್ ಕನ್ನಡತಿ

ಮೊದಲಿನದಕ್ಕೂ ಇದಕ್ಕೂ ಅಜಗಜಾಂತರ. ಒಂದೇ ಒಂದು ವಾಕ್ಯವನ್ನು ಬದಲಾಯಿಸಿ. «ನಿಮ್ಮಲ್ಲಿ ಪುಡಿ ಮಾಡಿಸುವವರನ್ನು ಕೇಳಿಲ್ಲ» ಎಂಬುದು ಪೂರ್ತಿ ನಿಜವಲ್ಲ. ಮನೆಗೆ ಬಿಡಿ ಪುಡಿ, ಜೊತೆಗೆ ಒಂದು ಇನ್‌ಸ್ಟಂಟ್ ಬಾಟಲಿ, ಎರಡನ್ನೂ ಕೊಳ್ಳುವವರು ಒಳಗೆ ಬಂದಿರುತ್ತಾರೆ. «ಬಿಡಿ ಪುಡಿಯನ್ನಷ್ಟೇ ಕೊಳ್ಳುವವರನ್ನು ಮತ್ತು 45 ದಾಟಿದವರನ್ನು ಕೇಳಿಲ್ಲ» ಎಂದು ಬರೆಯಿರಿ. ಎಚ್ಚರಿಕೆಯ ಮಾತನ್ನೂ ಅಳತೆ ಮೀರಿ ಹೇಳಬಾರದು.

ಸಂಖ್ಯಾಪ್ರಿಯ

ಶೇಕಡಾವಾರನ್ನು ತೆಗೆದು ತಲೆ ಎಣಿಕೆ ಕೊಟ್ಟದ್ದಕ್ಕೆ ನನ್ನ ಆಕ್ಷೇಪವಿದೆ. «ಹತ್ತು ಮಂದಿ» ಎಂದು ಓದಿದವರಿಗೆ ಅದು ತೀರ ಜುಜುಬಿ ಎನಿಸುತ್ತದೆ. ಆದರೆ 51ರಲ್ಲಿ 10 ಎಂದರೆ ಐದರಲ್ಲಿ ಒಬ್ಬರು. ನಿಜವಾಗಿಯೂ ಐದರಲ್ಲಿ ಒಬ್ಬರು ಕೊಂಡರೆ ಅದು ಒಳ್ಳೆಯ ವ್ಯಾಪಾರ. ತಲೆ ಎಣಿಕೆಯೂ ಒಂದು ಕಡೆಗೆ ವಾಲಿಸುತ್ತದೆ.

ಕೊಥ್ರೂಡ್ ಕನ್ನಡತಿ

ಅದು ಹೌದು. ಚಿಕ್ಕ ಬೇಸ್ ಇದ್ದಾಗ ನಾನು ತಲೆ ಎಣಿಕೆಯನ್ನೇ ಬರೆಯುತ್ತೇನೆ, ಏಕೆಂದರೆ ಶೇಕಡಾವಾರು ಚಿಹ್ನೆ ಕಂಡ ಕೂಡಲೇ ಜನ ಹಿಂದೆ ನೂರಾರು ಮಂದಿ ಇದ್ದಾರೆಂದು ನಂಬುತ್ತಾರೆ. ನನ್ನ ಜೊತೆ ಕೆಲಸ ಮಾಡಿದ ಹಲವರು ನಿಮ್ಮಂತೆಯೇ ಹೇಳುತ್ತಿದ್ದರು. «51 ಮಂದಿಯಲ್ಲಿ 10» ಎಂದು ಎರಡೂ ಸಂಖ್ಯೆಯನ್ನು ಒಟ್ಟಿಗೇ ಇಡುವುದು ನನ್ನ ಪದ್ಧತಿ. ಇದರಾಚೆ ನನಗೆ ಒಳ್ಳೆಯ ಉಪಾಯ ಹೊಳೆದಿಲ್ಲ.

ಡೊಂಬಿವಲಿ ಸೋದರಳಿಯ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮಾವ ಹೊಸ ಪುಟವನ್ನು ಎರಡು ಸಲ ಓದಿ, ಕೇಳಿದ್ದು ಒಂದೇ ಪ್ರಶ್ನೆ: «ನನ್ನವರನ್ನು ಕೇಳಿಲ್ಲವಾದರೆ ನಾನೇ ಕೇಳಿದರಾಯಿತಲ್ಲ?» ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾಲ್ಕು ಮನೆ ಎಳೆದುಕೊಟ್ಟರು. ಬಿಡಿ ಪುಡಿ ಮಾತ್ರ, ಪ್ಯಾಕೆಟ್ ಮಾತ್ರ, ಎರಡೂ, ಕಾಫಿಯೇ ಬೇಡ. ಸಂಜೆ ಆರರಿಂದ ಒಂಬತ್ತರವರೆಗೆ, ಲೋಕಲ್ ಇಳಿದು ಜನ ಬರುವ ಹೊತ್ತಿನಲ್ಲಿ, ಪ್ರತಿ ಗಿರಾಕಿಗೆ ಒಂದು ಗೀಟು ಹಾಕುತ್ತಿದ್ದಾರೆ. ಬಿಡಿ ಪುಡಿಯ ಮನೆಯಲ್ಲಿ ಗೀಟುಗಳು ತುಂಬಿ ಪಕ್ಕದ ಮನೆಗೆ ಹರಿದಿವೆ. ಪ್ರತಿನಿಧಿಗೆ, ಒಂದು ಕಾರ್ಟನ್ ಕೊಡಿ, ಉಳಿದರೆ ವಾಪಸು ತೆಗೆದುಕೊಳ್ಳಿ ಎಂದು ಮಾವ ಹೇಳಿದ್ದಾರೆ. ವಾಸ್ಕೊದವರ ಹನ್ನೆರಡು ಕಾರ್ಟನ್ ಕಥೆಯನ್ನೂ ನಾನು ಹೇಳಿದ್ದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಅವನು ಹೋಗಿದ್ದಾನೆ.

ಕೊಥ್ರೂಡ್ ಕನ್ನಡತಿ

ಗೀಟು ಹಾಕುವುದು ಒಳ್ಳೆಯದೇ. ಆದರೆ ಮಾವನಿಗೆ ಎರಡು ಮಾತು ಹೇಳಿ. ಸಂಜೆ ಬರುವವರು ಕೆಲಸದಿಂದ ಮರಳುವವರು. ಬೆಳಿಗ್ಗೆ ಹಾಲು, ತರಕಾರಿಗೆ ಹೊರಟ ಹಿರಿಯರು ಬೇರೆ. ಎರಡೂ ಹೊತ್ತು ಎಣಿಸದಿದ್ದರೆ ಅವರ ಹಾಳೆಯೂ ವಾಲುತ್ತದೆ. ಎರಡನೆಯದು, ಆ ಹಾಳೆಯಲ್ಲಿ ಇರುವವರು ಈಗಾಗಲೇ ಅವರ ಅಂಗಡಿಗೆ ಬರುವವರು. ದುಬಾರಿ ಪ್ಯಾಕೆಟ್ಟಿಗಾಗಿ ಪಕ್ಕದ ಸೂಪರ್‌ಮಾರ್ಕೆಟ್ಟಿಗೆ ಹೋಗುವವರಿಗೆ ಅಲ್ಲಿ ಗೀಟು ಬೀಳುವುದಿಲ್ಲ. ಕಂಪನಿ ಬಿಡಿ ಪುಡಿಯವರನ್ನು ಬಿಟ್ಟಿತು, ಮಾವ ಇವರನ್ನು ಬಿಡುತ್ತಿದ್ದಾರೆ.

ಡೊಂಬಿವಲಿ ಸೋದರಳಿಯ

ಹೇಳಿದೆ. ಬೆಳಗಿನ ಹಾಳೆಯನ್ನು ಇವತ್ತಿನಿಂದ ಅತ್ತೆ ನೋಡಿಕೊಳ್ಳುತ್ತಾರೆ. ಸೂಪರ್‌ಮಾರ್ಕೆಟ್ಟಿಗೆ ಹೋಗುವವರನ್ನು ಎಣಿಸುವುದು ಹೇಗೆಂದು ಮಾವನಿಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ. ಯಂತ್ರದ ವ್ಯಾಪಾರಿಗೆ ತಿಂಗಳ ಕೊನೆಯವರೆಗೆ ತಡೆಯಲು ಹೇಳಿದ್ದಾರೆ.